ಕಡಲೆಗೆ ಒಂದೆರಡು ನೀರು ಮಾತ್ರ ಇದ್ದರೆ ಯಾವ ದಿನ ಕೊಡಬೇಕು?

ಪ್ರಶ್ನೆ: ನಮ್ಮದು ರೋಣ ತಾಲ್ಲೂಕು. ನಾಲ್ಕು ಎಕರೆ ಎರೆಹೊಲದಲ್ಲಿ ಅಕ್ಟೋಬರ್ 15ರಂದು ಜೆಜಿ-11 ಕಡಲೆ ಬಿತ್ತಿದ್ದೇನೆ. ಸೆಪ್ಟೆಂಬರ್ ಮಳೆ ಚೆನ್ನಾಗಿತ್ತು, ಹಸಿ ತುಂಬಿದೆ. ಎರಡು ಎಕರೆಯಲ್ಲಿ ಎರೆ ಆಳವಾಗಿದೆ, ಇನ್ನೆರಡು ಎಕರೆಯಲ್ಲಿ ಎರಡು ಅಡಿಗೇ ಗರಸು ಸಿಗುತ್ತದೆ. 21 ಮೀಟರ್ ಉದ್ದಗಲ, 3 ಮೀಟರ್ ಆಳದ ಕೃಷಿ ಹೊಂಡ ತುಂಬಿದೆ, ಸ್ಪ್ರಿಂಕ್ಲರ್ ಇದೆ. ಹೂವಿನ ಹಂತದಲ್ಲಿ ಕಡಲೆಗೆ ನೀರು ತಪ್ಪಬಾರದು ಎಂದು ಕೆಲವರು ಹೇಳುತ್ತಾರೆ, ಹೂವಿನಲ್ಲಿ ನೀರು ಕೊಟ್ಟರೆ ಹೂವೆಲ್ಲ ಉದುರುತ್ತದೆ ಎಂದು ಪಕ್ಕದ ಹೊಲದವರು ಹೇಳುತ್ತಾರೆ. ಯಾರ ಮಾತು ಕೇಳಲಿ? ತಮ್ಮನ ತೊಗರಿಗೂ ಇದೇ ಲೆಕ್ಕವೇ?

ಉತ್ತರ: ಇಬ್ಬರ ಮಾತಿನಲ್ಲೂ ಸತ್ಯವಿದೆ. ಹೂವಿನ ಕಾಲದಲ್ಲಿ ಬೇರಿಗೆ ಹಸಿ ಸಿಗಲೇಬೇಕು. ಆದರೆ ಹೂವಿನ ಕಾಲದಲ್ಲಿ ಹಸಿ ಇರುವುದು ಬೇರೆ, ಹೂವಿನ ಕಾಲದಲ್ಲಿ ನೀರು ಹಾಯಿಸುವುದು ಬೇರೆ. ಎರೆಭೂಮಿ ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವ ಮಣ್ಣು. ಇವತ್ತು ಕೊಟ್ಟ ನೀರನ್ನು ಬೆಳೆ ಮುಂದಿನ ಹತ್ತು ದಿನ ಕುಡಿಯುತ್ತದೆ. ಆದ್ದರಿಂದ ಹೂವಿಗೆ ಬೇಕಾದ ನೀರನ್ನು ಹೂ ಕಾಣುವ ಮೊದಲೇ ಕೊಟ್ಟಿರಬೇಕು.

ಗಿಡದೊಳಗೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಿಮ್ಮ ಹೊಲದಲ್ಲಿ ಜೆಜಿ-11 ಸುಮಾರು 40ನೇ ದಿನಕ್ಕೆ ಹೂ ತೋರಿಸುತ್ತದೆ. ಅಂದು ಅರಳಿದ ಗುಲಾಬಿ ಬಣ್ಣದ ಹೂವೊಂದನ್ನು ಕಿತ್ತು ದಳಗಳನ್ನು ಬಿಡಿಸಿ ನೋಡಿ. ಪರಾಗ ಆಗಲೇ ಉದುರಿ ಶಲಾಕೆಯ ತುದಿಗೆ ಅಂಟಿರುತ್ತದೆ. ಕಡಲೆಯಲ್ಲಿ ಪರಾಗಸ್ಪರ್ಶ ಮೊಗ್ಗಿನೊಳಗೇ ಮುಗಿದಿರುತ್ತದೆ, ಹೂ ಅರಳುವುದು ಆಮೇಲೆ. ಆ ಪರಾಗ ಗಟ್ಟಿಯಾಗಿದೆಯೋ ಜೊಳ್ಳೋ ಎಂಬುದು ಅದಕ್ಕೂ ಮುಂಚೆ, ಮೊಗ್ಗು ಇನ್ನೂ ಸಾಸಿವೆ ಕಾಳಿನಷ್ಟಿದ್ದಾಗಲೇ ನಿರ್ಧಾರವಾಗಿರುತ್ತದೆ. ಆ ದಿನಗಳಲ್ಲಿ ಬೇರಿಗೆ ಹಸಿ ಸಿಗದಿದ್ದರೆ ಪರಾಗದ ಜೀವ ಕುಗ್ಗುತ್ತದೆ, ಶಲಾಕೆಯೊಳಗೆ ಪರಾಗನಾಳ ಬೆಳೆದು ಅಂಡಾಣು ತಲುಪುವುದೂ ಕಷ್ಟವಾಗುತ್ತದೆ. ಹೊರಗೆ ಹೂ ನೋಡಲು ಚೆನ್ನಾಗಿಯೇ ಇರುತ್ತದೆ. ಮೂರು ನಾಲ್ಕು ದಿನ ಬಿಟ್ಟು ತೊಟ್ಟು ಹಳದಿಯಾಗಿ ಬಿದ್ದುಹೋಗುತ್ತದೆ. ಹೂ ಉದುರುವುದನ್ನು ಕಂಡು ಗಾಬರಿಯಿಂದ ಮೋಟರ್ ಹಾಕುವ ರೈತ ವಾರದ ಹಿಂದೆ ಆದ ನಷ್ಟಕ್ಕೆ ಇವತ್ತು ನೀರು ಕೊಡುತ್ತಿರುತ್ತಾನೆ.

ಫಲ ಕಟ್ಟಿದ ಮೇಲಿನ ದಿನಗಳು ಇನ್ನೂ ಸೂಕ್ಷ್ಮ. ಹೂ ಬಾಡಿದ ಐದಾರು ದಿನಕ್ಕೆ ಎಳೆಗಾಯಿ ಕಣ್ಣಿಗೆ ಕಾಣುತ್ತದೆ. ಮೊದಲು ಸಿಪ್ಪೆ ಬೆಳೆದು ಪೂರ್ತಿ ಗಾತ್ರಕ್ಕೆ ಉಬ್ಬುತ್ತದೆ, ಕಾಳು ತುಂಬುವುದು ಆಮೇಲೆ. ಗಿಡಕ್ಕೆ ನೀರಿನ ಅಭಾವ ತಟ್ಟಿದರೆ ಅದು ಮೊದಲು ಬಿಟ್ಟುಕೊಡುವುದು ಇಂಥ ಎಳೆಗಾಯಿಗಳನ್ನೇ. ಅದರಲ್ಲೂ ಕೊಂಬೆಯ ಮೇಲುಭಾಗದಲ್ಲಿ ತಡವಾಗಿ ಕಟ್ಟಿದವು ಮೊದಲು ಹೋಗುತ್ತವೆ. ಆಸ್ಟ್ರೇಲಿಯಾದಲ್ಲಿ ಕಡಲೆ ಬೆಳೆಗೆ ಬೇರೆ ಬೇರೆ ವಾರಗಳಲ್ಲಿ ನೆರಳು ಕಟ್ಟಿ, ಯಾವ ವಾರದ ಪೆಟ್ಟು ಇಳುವರಿಗೆ ಹೆಚ್ಚು ತಟ್ಟುತ್ತದೆ ಎಂದು ಪರೀಕ್ಷಿಸಿದರು. ಹೂವಿಗೆ ಸಾಕಷ್ಟು ಮುಂಚೆ ಬಿದ್ದ ಪೆಟ್ಟನ್ನು ಗಿಡ ತುಂಬಿಕೊಂಡಿತು. ನಷ್ಟ ಅತಿ ಹೆಚ್ಚಾದದ್ದು ಹೂ ಶುರುವಾದ ಕೆಲವು ದಿನಗಳ ನಂತರ, ಅಂದರೆ ಕಾಯಿ ಕಟ್ಟುವ ಮೊದಲ ದಿನಗಳಲ್ಲಿ. ನಮ್ಮ ಡಿಸೆಂಬರಿನ ಬಿಸಿಲಿಗೆ ಆ ಲೆಕ್ಕವನ್ನು ಹೊಂದಿಸಿದರೆ, ಹೂವಿಗೆ ಸುಮಾರು ಹನ್ನೆರಡು ದಿನ ಮೊದಲಿನಿಂದ ಹೂವಾದ ಮೂರು ವಾರದವರೆಗೆ ಬೆಳೆ ಸೂಕ್ಷ್ಮವಾಗಿರುತ್ತದೆ. ಹೂ ಕಂಡ ಎಂಟು ಹತ್ತು ದಿನದ ಸುತ್ತಮುತ್ತ ಅದು ಅತಿ ಸೂಕ್ಷ್ಮ. ನಿಮ್ಮ ಬೆಳೆಯಲ್ಲಿ ಅದು 28ರಿಂದ 60ನೇ ದಿನದವರೆಗಿನ ಅವಧಿ, ಅದರಲ್ಲೂ 48ರ ಆಸುಪಾಸು.

ಕಾಯಿ ಕಳೆದುಕೊಳ್ಳುವುದಕ್ಕೂ ಕಾಳು ಸಣ್ಣದಾಗುವುದಕ್ಕೂ ಇರುವ ವ್ಯತ್ಯಾಸವನ್ನು ಒಂದು ಲೆಕ್ಕದಲ್ಲಿ ತೋರಿಸುತ್ತೇನೆ. ಒಂದು ಚದರ ಮೀಟರಿನಲ್ಲಿ 24 ಗಿಡ, ಗಿಡಕ್ಕೆ 30 ಕಾಯಿ, ಹತ್ತು ಕಾಯಿಗೆ ಹನ್ನೆರಡು ಕಾಳು, ನೂರು ಕಾಳಿಗೆ 22 ಗ್ರಾಂ ತೂಕ ಎಂದು ಇಟ್ಟುಕೊಳ್ಳಿ. ಎಕರೆಗೆ 7.7 ಕ್ವಿಂಟಲ್ ಬರುತ್ತದೆ. ಕಾಯಿ ಕಟ್ಟುವಾಗ ಹಸಿ ಕೈಕೊಟ್ಟು ಗಿಡಕ್ಕೆ 22 ಕಾಯಿ ಮಾತ್ರ ನಿಂತರೆ ಅದು 5.6ಕ್ಕೆ ಇಳಿಯುತ್ತದೆ. ಕಾಯಿಗಳೆಲ್ಲ ನಿಂತು, ಕೊನೆಯಲ್ಲಿ ಮಾತ್ರ ಹಸಿ ಸಾಲದೆ ನೂರು ಕಾಳಿನ ತೂಕ 19 ಗ್ರಾಮಿಗೆ ಇಳಿದರೆ 6.6 ಕ್ವಿಂಟಲ್ ಉಳಿಯುತ್ತದೆ. ಕಡಲೆ ಕಾಳಿನ ತೂಕವನ್ನು ಗಿಡ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಕಾಯಿಯ ಸಂಖ್ಯೆಯನ್ನು ಬಹಳ ಬೇಗ ಬಿಟ್ಟುಕೊಡುತ್ತದೆ. ಆದ್ದರಿಂದ ನೀರು ಕಡಿಮೆ ಇರುವವರು ಮೊದಲು ಉಳಿಸಿಕೊಳ್ಳಬೇಕಾದದ್ದು ಕಾಯಿಯ ಸಂಖ್ಯೆಯನ್ನು.

ಇಷ್ಟು ತಿಳಿದ ಮೇಲೂ 'ಇಂತಿಷ್ಟನೇ ದಿನ ನೀರು ಕೊಡಿ' ಎಂದು ನಾಲ್ಕೂ ಎಕರೆಗೆ ಒಂದೇ ಮಾತು ಹೇಳಲು ನಾನು ಒಪ್ಪುವುದಿಲ್ಲ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಎರಡು ಅಡಿಗೇ ಗರಸು ಸಿಗುತ್ತದೆ ಎಂಬ ಮಾತು. ಬೆಳೆಯ ಹಂತ ನಾಲ್ಕೂ ಎಕರೆಗೆ ಒಂದೇ ಆದರೂ ಹಸಿ ಮುಗಿಯುವ ದಿನ ಒಂದೇ ಅಲ್ಲ.

ಎರೆಮಣ್ಣು ಒಂದು ಮೀಟರ್ ಆಳಕ್ಕೆ ಬೆಳೆ ಹೀರಬಲ್ಲ ನೀರನ್ನು ಸುಮಾರು 160–170 ಮಿಲಿಮೀಟರಿನಷ್ಟು ಹಿಡಿಯುತ್ತದೆ. ನಿಮ್ಮ ಗರಸಿನ ಎರಡು ಎಕರೆಯಲ್ಲಿ ಅದು ಹೆಚ್ಚೆಂದರೆ 100. ಆಳದ ಎರಡು ಎಕರೆಯಲ್ಲಿ ಕಡಲೆ ಬೇರು ನಾಲ್ಕು ಅಡಿಗೆ ಇಳಿಯುತ್ತದೆ, ಅಲ್ಲಿ ಸುಮಾರು 200. ಈ ನೀರನ್ನೆಲ್ಲ ಬೆಳೆ ಒಂದೇ ರೀತಿ ಸಲೀಸಾಗಿ ಹೀರಲಾರದು. ಮೂರರಲ್ಲಿ ಎರಡು ಪಾಲು ಮುಗಿದ ಮೇಲೆ ಉಳಿದದ್ದನ್ನು ಮಣ್ಣು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಅಲ್ಲಿಂದ ಬೆಳೆಗೆ ಕೊರತೆ ಶುರು. ಮೊದಲ ಒಂದು ತಿಂಗಳಲ್ಲಿ ಬೆಳೆಯೂ ಬಿಸಿಲೂ ಸೇರಿ ಸುಮಾರು 55 ಮಿಲಿಮೀಟರ್ ಖರ್ಚು ಮಾಡುತ್ತವೆ. ಆಮೇಲೆ ಗಿಡ ಸಾಲು ಮುಚ್ಚುವಷ್ಟು ಹರಡಿದಾಗ ದಿನಕ್ಕೆ ಮೂರೂವರೆ ಬೇಕು.

ಈಗ ಗರಸಿನ ಹೊಲದ ಲೆಕ್ಕ ನೋಡಿ. 100ರಲ್ಲಿ ಸುಲಭವಾಗಿ ಸಿಗುವುದು 66. ತಿಂಗಳಿಗೆ 55 ಹೋಯಿತು, ಉಳಿದ 11 ಮೂರು ದಿನದ ಊಟ. ಅಂದರೆ 33ನೇ ದಿನಕ್ಕೆ, ಇನ್ನೂ ಒಂದು ಹೂವೂ ಕಾಣದಾಗಲೇ, ಆ ಎರಡು ಎಕರೆಯಲ್ಲಿ ಕೊರತೆ ತಟ್ಟುತ್ತದೆ. ಆಳದ ಹೊಲದಲ್ಲಿ ಸುಲಭವಾಗಿ ಸಿಗುವ 133ರಲ್ಲಿ 55 ಕಳೆದರೆ 78 ಉಳಿಯುತ್ತದೆ. ಅದು ಮತ್ತೆ 22 ದಿನಕ್ಕೆ ಸಾಕು, 52ನೇ ದಿನದವರೆಗೆ ಅಲ್ಲಿಗೆ ನಿಮ್ಮ ಹೊಂಡದ ಅಗತ್ಯವೇ ಇಲ್ಲ. ಒಂದೇ ಬೀಜ, ಒಂದೇ ದಿನದ ಬಿತ್ತನೆ, ಆದರೂ ನೀರು ಬೇಡುವ ದಿನದಲ್ಲಿ ಸುಮಾರು ಮೂರು ವಾರದ ಅಂತರ. ಇವು ಅಂದಾಜಿನ ಲೆಕ್ಕಗಳು, ಎರಡು ಮೂರು ದಿನ ಹಿಂದೆಮುಂದೆ ಆಗಬಹುದು. ಆ ಎರಡು ಮೂರು ದಿನವನ್ನು ನಿಮ್ಮ ಕೈ ಮತ್ತು ಗುದ್ದಲಿ ಸರಿಪಡಿಸಬೇಕು.

25ನೇ ದಿನಕ್ಕೆ ಎರಡೂ ಕಡೆ ಹೊಲದ ನಡುವೆ ಮೊಣಕಾಲಿನಷ್ಟು ಆಳದ ಗುಂಡಿ ತೋಡಿ. ಒಂದು ಗೇಣು ಆಳದ ಮಣ್ಣನ್ನು ಹಿಡಿಯಷ್ಟು ತೆಗೆದು ಅಂಗೈಯಲ್ಲಿ ಒತ್ತಿ, ಹೆಬ್ಬೆರಳು ತೋರುಬೆರಳಿನ ನಡುವೆ ಪಟ್ಟಿಯಂತೆ ತಳ್ಳಿ. ಎರಡು ಅಂಗುಲ ಉದ್ದದ ಪಟ್ಟಿ ಬಂದರೆ ಹಸಿ ಸಾಕಷ್ಟಿದೆ. ಉಂಡೆಯಾಗುತ್ತದೆ, ಆದರೆ ಪಟ್ಟಿ ತುಂಡಾಗುತ್ತದೆ ಎಂದರೆ ಅಲ್ಲಿಯ ಹಸಿ ಅರ್ಧ ಮುಗಿದಿದೆ. ಉಂಡೆ ಕಟ್ಟದೆ ಗಟ್ಟಿ ಹೆಂಟೆಯಾಗಿ ಒಡೆದರೆ ಆ ಪದರದಲ್ಲಿ ಬೇರಿಗೆ ಏನೂ ಉಳಿದಿಲ್ಲ. ಮತ್ತೊಂದು ಗೇಣು ಕೆಳಗಿನ ಮಣ್ಣನ್ನೂ ಹಾಗೆಯೇ ನೋಡಿ. ಮೇಲೆ ಒಣಗಿ ಕೆಳಗೆ ಪಟ್ಟಿ ಬರುತ್ತಿದ್ದರೆ ಆಳದ ಹೊಲ ಇನ್ನೂ ಕಾಯಬಹುದು. ಐದು ದಿನಕ್ಕೊಮ್ಮೆ ಈ ಕೆಲಸ ಮಾಡಿದರೆ ನನ್ನ ಲೆಕ್ಕಕ್ಕಿಂತ ನಿಮ್ಮ ಬೆರಳಿನ ಲೆಕ್ಕವೇ ನಿಖರವಾಗುತ್ತದೆ.

ಅದೇ ಗುಂಡಿಯಲ್ಲಿ ಇನ್ನೊಂದು ಪರೀಕ್ಷೆಯೂ ಆಗುತ್ತದೆ. ಒಂದು ಗಿಡವನ್ನು ಮಣ್ಣಿನ ಹೆಂಟೆ ಸಮೇತ ಎತ್ತಿ, ನೀರಿನಲ್ಲಿ ಅದ್ದಿ ಮಣ್ಣು ಬಿಡಿಸಿ, ಬೇರುಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಕೆಂಪು ಅಥವಾ ಗುಲಾಬಿ ಬಣ್ಣವಿದ್ದರೆ ಗಂಟು ಕೆಲಸ ಮಾಡುತ್ತಿದೆ, ಗಾಳಿಯ ಸಾರಜನಕವನ್ನು ಗಿಡಕ್ಕೆ ಕೊಡುತ್ತಿದೆ. ಹಸಿರಾಗಿಯೋ ಕಂದಾಗಿಯೋ ಇದ್ದರೆ ಅದರ ಕೆಲಸ ಮುಗಿದಿದೆ. ಈ ಗಂಟುಗಳು ಹೆಚ್ಚಾಗಿ ಮೇಲಿನ ಒಂದು ಗೇಣು ಮಣ್ಣಿನಲ್ಲೇ ಇರುತ್ತವೆ, ಮತ್ತು ಎಲೆಗಿಂತ ಮೊದಲು ಬರಕ್ಕೆ ಸೋಲುವುದು ಇವೇ. ಆಳದ ಬೇರು ನೀರು ತಂದುಕೊಟ್ಟು ಎಲೆ ಹಸಿರಾಗಿಯೇ ಇದ್ದರೂ ಮೇಲ್ಮಣ್ಣು ಒಣಗಿದರೆ ಗಂಟು ನಿಲ್ಲುತ್ತದೆ. ಕಾಳಿನಲ್ಲಿ ತುಂಬುವುದು ಪ್ರೋಟೀನು, ಅದಕ್ಕೆ ಸಾರಜನಕ ಬೇಕು. ಗಂಟು ನಿಂತರೆ ಗಿಡ ತನ್ನ ಎಲೆಯಲ್ಲಿದ್ದ ಸಾರಜನಕವನ್ನೇ ಕಿತ್ತು ಕಾಯಿಗೆ ಕೊಡುತ್ತದೆ, ಎಲೆ ಬೇಗ ಹಳದಿಯಾಗುತ್ತದೆ, ಬೆಳೆ ಅವಧಿಗೆ ಮೊದಲೇ ಮಾಗುತ್ತದೆ. ಹೂವಿನ ಮುಂಚಿನ ನೀರಿನ ಬಗ್ಗೆ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ. ಸ್ಪ್ರಿಂಕ್ಲರಿನ ನೀರು ಇಳಿಯುವುದು ಒಂದು ಗೇಣಿನ ಆಚೀಚೆ, ಗಂಟುಗಳಿರುವುದೂ ಅಲ್ಲಿಯೇ.

ಇನ್ನು ಹೊಂಡದ ಲೆಕ್ಕ. ಇಳಿಜಾರು ದಂಡೆಯನ್ನು ಕಳೆದರೆ ನಿಮ್ಮ ಹೊಂಡದಲ್ಲಿ ಸುಮಾರು 9.8 ಲಕ್ಷ ಲೀಟರ್ ನೀರಿರುತ್ತದೆ. ಬಿಸಿಲು ದಿನಕ್ಕೆ ಎರಡು ಸಾವಿರ ಲೀಟರ್ ಕುಡಿಯುತ್ತದೆ, ತಳದ ಕೆಸರು ನೀರು ಪಂಪಿಗೆ ಸಿಗದು. ನವೆಂಬರ್ ಮಧ್ಯದ ಹೊತ್ತಿಗೆ ಬಳಕೆಗೆ ಎಂಟು ಲಕ್ಷ ಉಳಿಯುತ್ತದೆ ಎನ್ನೋಣ. ಒಂದು ಎಕರೆಗೆ ಒಂದು ಮಿಲಿಮೀಟರ್ ನೀರು ಎಂದರೆ ನಾಲ್ಕು ಸಾವಿರ ಲೀಟರ್. ಈ ಒಂದು ಅಂಕಿಯನ್ನು ನೆನಪಿಟ್ಟುಕೊಂಡರೆ ಎಲ್ಲ ಲೆಕ್ಕವೂ ಬಾಯಲ್ಲೇ ಆಗುತ್ತದೆ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. 30ರಿಂದ 32ನೇ ದಿನದೊಳಗೆ, ಅಂದರೆ ನವೆಂಬರ್ 14ರಿಂದ 16ರ ಸುಮಾರಿಗೆ, ಗರಸಿನ ಎರಡು ಎಕರೆಗೆ ಮಾತ್ರ 40 ಮಿಲಿಮೀಟರ್ ಕೊಡುತ್ತಿದ್ದೆ. ಮೂರೂಕಾಲು ಲಕ್ಷ ಲೀಟರ್ ಖರ್ಚಾಗುತ್ತದೆ. ಆಳದ ಹೊಲವನ್ನು ಮುಟ್ಟುತ್ತಿರಲಿಲ್ಲ. ಆ ನೀರು ಗರಸಿನ ಹೊಲವನ್ನು ಹತ್ತು ದಿನ ಮುಂದೆ ತಳ್ಳುತ್ತದೆ, ಮೊಗ್ಗು ಗಟ್ಟಿಯಾಗಿ ಮೊದಲ ಹೂಗಳು ಕಾಯಾಗಲು ಶುರುವಾಗುತ್ತವೆ. 52ರಿಂದ 55ನೇ ದಿನಕ್ಕೆ, ಡಿಸೆಂಬರ್ ಮೊದಲ ವಾರದ ಕೊನೆಗೆ, ಆಳದ ಎರಡು ಎಕರೆಗೆ 27 ಮಿಲಿಮೀಟರ್. ಅದಾದ ಕೂಡಲೇ ಉಳಿದ ಎರಡು ಲಕ್ಷದಷ್ಟು ಲೀಟರನ್ನು ಗರಸಿನ ಹೊಲಕ್ಕೇ ಎರಡನೇ ಸಲ, 25 ಮಿಲಿಮೀಟರಿನಂತೆ. ಹೊಂಡ ಅಲ್ಲಿಗೆ ಬರಿದಾಗುತ್ತದೆ. ಗರಸಿನ ಹೊಲಕ್ಕೆ ಎರಡು ನೀರಿನ ನಡುವೆ ಒಂದೆರಡು ವಾರ ಬಿಗಿಯಾಗುವುದನ್ನು ಈ ಲೆಕ್ಕದಲ್ಲಿ ತಪ್ಪಿಸಲು ಆಗುವುದಿಲ್ಲ. ಅಲ್ಲಿ 46–47ನೇ ದಿನಕ್ಕೇ ಒಂದು ಗೇಣಿನ ಮಣ್ಣು ಹೆಂಟೆಯಾಗಿ ಒಡೆಯುತ್ತಿದ್ದರೆ ಆ ಎರಡನೇ ನೀರನ್ನು ಡಿಸೆಂಬರ್‌ವರೆಗೆ ಕಾಯದೆ ಆಗಲೇ ಮೊದಲು ಅಲ್ಲಿಗೇ ಕೊಡಿ, ಆಳದ ಹೊಲ ಕಾಯಲಿ. ಕಾಯಿ ಕಟ್ಟುವ ಆ ವಾರವನ್ನು ದಾಟಿಸುವುದು ಮುಖ್ಯ.

ನಾಲ್ಕೂ ಎಕರೆಗೆ 32ನೇ ದಿನವೇ 40 ಮಿಲಿಮೀಟರ್ ಹಂಚಿಬಿಟ್ಟರೆ ಏನಾಗುತ್ತದೆ? ಆರೂವರೆ ಲಕ್ಷ ಲೀಟರ್ ಮೊದಲ ಸುತ್ತಿಗೇ ಮುಗಿಯುತ್ತದೆ. ಅದರಲ್ಲಿ ಅರ್ಧ, ಇನ್ನೂ ಹಸಿವಾಗದ ಆಳದ ಹೊಲಕ್ಕೆ ಹೋಗಿರುತ್ತದೆ. ಪಕ್ಕದ ಹೊಲದವರು ಹೇಳಿದ ಹೂ ಉದುರುವ ಕಥೆ ಹುಟ್ಟುವುದು ಇಂಥ ಹೊಲದಲ್ಲಿಯೇ.

ಆ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ, ಕಣ್ಣಾರೆ ಕಂಡಿದ್ದೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಆಳವಾದ ಎರೆಹೊಲವೊಂದರ ಯಜಮಾನರಿಗೆ, ಹೂ ತುಂಬಿದೆ, ಈಗ ನೀರು ಬಿಡಿ ಎಂದು ನಾನೇ ಹೇಳಿದ್ದೆ. ಮಣ್ಣು ತೋಡಿ ನೋಡಿರಲಿಲ್ಲ. ಅವರು ಸಾಲಿನಲ್ಲಿ ನೀರು ಹರಿಸಿದರು, ಹೊಲ ಎರಡು ದಿನ ಕೆಸರಾಗಿ ನಿಂತಿತು. ವಾರದೊಳಗೆ ಕುಡಿಗಳು ತಿಳಿಹಳದಿಯಾದವು, ಕೆಳಗಿನ ಹೂವು ಎಳೆಗಾಯಿಗಳು ನೆಲದ ತುಂಬ ಬಿದ್ದವು. ಆಮೇಲೆ ಗಿಡ ಹೊಸ ಚಿಗುರು ಹೊಡೆದು ಮೊಣಕಾಲು ಮುಟ್ಟಿತು. ಸೊಪ್ಪು ಬಹಳ ಬಂತು, ಕಾಳು ಬರಲಿಲ್ಲ. ಆ ಯಜಮಾನರು ನನ್ನನ್ನು ಬೈಯಲಿಲ್ಲ, ರಾಶಿಯ ದಿನ ಕರೆದು ತೋರಿಸಿದರು. ಅಂದಿನಿಂದ ಗುದ್ದಲಿ ಇಲ್ಲದೆ ನೀರಿನ ಮಾತು ಆಡುವುದನ್ನು ಬಿಟ್ಟಿದ್ದೇನೆ.

ಅಲ್ಲಿ ಹೂ ಉದುರಿದ್ದು ನೀರು ತಾಗಿ ಪರಾಗ ತೊಳೆದುಹೋದದ್ದರಿಂದ ಅಲ್ಲ, ಪರಾಗದ ಕೆಲಸ ಮೊಗ್ಗಿನಲ್ಲೇ ಮುಗಿದಿತ್ತು. ಹಸಿ ಇದ್ದ ಎರೆಗೆ ಮತ್ತೆ ನೀರು ತುಂಬಿದಾಗ ಮಣ್ಣಿನ ಸಂದಿನಲ್ಲಿದ್ದ ಗಾಳಿ ಹೊರಹೋಗಿ ಬೇರು ಮತ್ತು ಗಂಟು ಉಸಿರು ಕಟ್ಟಿದವು. ಸುಣ್ಣದ ಅಂಶವಿರುವ ನಮ್ಮ ಎರೆಯಲ್ಲಿ ಅಂಥ ಹೊತ್ತಿನಲ್ಲಿ ಗಿಡಕ್ಕೆ ಕಬ್ಬಿಣ ಸಿಗುವುದಿಲ್ಲ, ಕುಡಿ ಹಳದಿಯಾಗುವುದು ಅದಕ್ಕೆ. ಎರಡನೆಯದಾಗಿ, ಕಡಲೆ ಗಿಡ ಹೂ ಬಿಡಲು ಶುರುಮಾಡಿದ ಮೇಲೂ ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ನೀರು ಹೇರಳವಾಗಿ ಸಿಕ್ಕರೆ ಚಿಗುರಿಗೂ ಕಾಯಿಗೂ ಪೈಪೋಟಿ ಹುಟ್ಟುತ್ತದೆ, ಹೊಸ ಸೊಪ್ಪಿನ ನೆರಳಿಗೆ ಸಿಕ್ಕ ಕೆಳಗಿನ ಕಾಯಿಗಳು ಸೋಲುತ್ತವೆ. ಸ್ವಲ್ಪ ಬಿಗಿಯಾದ ಮಣ್ಣೇ ಕಡಲೆಯ ಚಿಗುರನ್ನು ಹದ್ದುಬಸ್ತಿನಲ್ಲಿಟ್ಟು ಕಾಯಿಯ ಕಡೆ ತಿರುಗಿಸುತ್ತದೆ. ಹಾಗಾಗಿ ಅಪಾಯ ಇರುವುದು ಹಸಿ ಇರುವ ಹೊಲಕ್ಕೆ ಹೂವಿನಲ್ಲಿ ಭಾರಿ ನೀರು ಕೊಡುವುದರಲ್ಲಿ. ಒಣಗುತ್ತಿರುವ ಹೊಲಕ್ಕೆ ಅದೇ ದಿನ ಸ್ಪ್ರಿಂಕ್ಲರಿನಿಂದ 25 ಮಿಲಿಮೀಟರ್ ಹಾಕಿದರೆ ಹೂ ಉದುರುವುದು ನಿಲ್ಲುತ್ತದೆಯೇ ಹೊರತು ಹೆಚ್ಚಾಗುವುದಿಲ್ಲ.

ಸ್ಪ್ರಿಂಕ್ಲರ್ ನಡೆಸುವಾಗ ಗಂಟೆ ನೋಡಿ ಅಂದಾಜು ಮಾಡಬೇಡಿ. ನೇರ ಗೋಡೆಯ ನಾಲ್ಕಾರು ಖಾಲಿ ಡಬ್ಬಿಗಳನ್ನು ಬೆಳೆಯ ಎತ್ತರಕ್ಕೆ ಅಲ್ಲಲ್ಲಿ ಇಟ್ಟು, ಒಳಗೆ ಬಿದ್ದ ನೀರನ್ನು ಶಾಲೆಯ ಮಕ್ಕಳ ಅಳತೆಪಟ್ಟಿಯಿಂದ ಅಳೆಯಿರಿ. 12 ಮೀಟರಿಗೊಂದು ನಳಿಕೆ, ಗಂಟೆಗೆ 1,700 ಲೀಟರ್ ಉಗುಳುವಂಥದ್ದಾದರೆ ಗಂಟೆಗೆ ಸುಮಾರು 12 ಮಿಲಿಮೀಟರ್ ಬೀಳುತ್ತದೆ. 40ಕ್ಕೆ ಮೂರೂವರೆ ಗಂಟೆ ಬೇಕು. ಒಂದೇ ಬಾರಿಗೆ ಅಷ್ಟು ಹೊತ್ತು ಬಿಟ್ಟರೆ ಬಿರುಕು ಮುಚ್ಚಿಕೊಂಡ ಎರೆ ನೀರನ್ನು ಇಳಿಸಿಕೊಳ್ಳದು. ಸಾಲಿನಲ್ಲಿ ನೀರು ಹೊಳೆಯಲು ಶುರುವಾದ ಕೂಡಲೇ ಪೈಪು ಬದಲಿಸಿ, ಮರುದಿನ ಉಳಿದದ್ದನ್ನು ಕೊಡಿ. ಗಾಳಿ ಕಡಿಮೆ ಇರುವ ಸಂಜೆ ಅಥವಾ ಬೆಳಗಿನ ಜಾವ ಒಳ್ಳೆಯದು. ನೀರಿಗೆ ನಾಲ್ಕು ದಿನ ಮೊದಲು ಒಂದು ಎಡೆ ಹೊಡೆದು ಬಿರುಕು ಮುಚ್ಚಿದ್ದರೆ ನೀರು ನೇರವಾಗಿ ಗರಸಿಗೆ ಇಳಿದುಹೋಗುವುದು ತಪ್ಪುತ್ತದೆ. ಹೂ ಬಂದ ಮೇಲೆ ಎಡೆ ಹೊಡೆಯಬೇಡಿ, ಬೇರು ಕಡಿಯುತ್ತದೆ. ನವೆಂಬರಿನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಮುನ್ಸೂಚನೆ ಇದ್ದರೆ ಎರಡು ದಿನ ಕಾಯಿರಿ. 25 ಮಿಲಿಮೀಟರ್ ಮಳೆ ಬಿದ್ದರೆ ಅದು ನಿಮ್ಮ ಎರಡು ಲಕ್ಷ ಲೀಟರ್ ಉಳಿಸುತ್ತದೆ.

ಗಿಡ ಬಾಡಿದ್ದನ್ನೆಲ್ಲ ನೀರಿನ ಕೊರತೆ ಎಂದು ತಿಳಿಯಬಾರದು. ನೀರಿನ ಕೊರತೆ ಹೊಲದ ಒಂದು ಭಾಗದಲ್ಲಿ ಎಲ್ಲ ಗಿಡಗಳಿಗೂ ಒಟ್ಟಿಗೆ ಕಾಣಿಸುತ್ತದೆ. ಎಲೆ ಹೊಳಪು ಕಳೆದುಕೊಂಡು ಬೂದು ಬಣ್ಣಕ್ಕೆ ತಿರುಗುತ್ತದೆ, ಮಧ್ಯಾಹ್ನ ಜೋಲುತ್ತದೆ. ಬೆಳಿಗ್ಗೆ ಏಳು ಗಂಟೆಗೆ ಹೋಗಿ ನೋಡಿದರೂ ಚೇತರಿಸಿಕೊಂಡಿಲ್ಲ ಎಂದರೆ ತಡವಾಗಿದೆ. ಅದಕ್ಕೂ ಮುಂಚಿನ ಗುರುತು ಕುಡಿಯಲ್ಲಿದೆ. ಹಸಿ ಚೆನ್ನಾಗಿರುವಾಗ ಅರಳಿದ ಹೂವಿನ ಮೇಲೆ ಇನ್ನೂ ಮೂರು ನಾಲ್ಕು ಎಳೆ ಎಲೆಗಳಿರುತ್ತವೆ. ಕೊರತೆ ತಟ್ಟಿದ ಮೇಲೆ ಹೊಸ ಎಲೆ ಬರುವುದು ನಿಲ್ಲುತ್ತದೆ, ಹೂ ತುದಿಯ ಹತ್ತಿರ ಬರುತ್ತದೆ. ಅಲ್ಲೊಂದು ಇಲ್ಲೊಂದು ಗಿಡ ಮಾತ್ರ ಒಣಗುತ್ತಿದ್ದರೆ ಅದು ರೋಗ. ಕಾಂಡವನ್ನು ಉದ್ದಕ್ಕೆ ಸೀಳಿದಾಗ ಒಳಗೆ ಕಂದು ಗೆರೆ ಕಂಡರೆ ಸೊರಗು ರೋಗ. ಕಿತ್ತಾಗ ತಾಯಿಬೇರು ಒಣಕಡ್ಡಿಯಂತೆ ಮುರಿದು, ಪಕ್ಕದ ಬೇರುಗಳೆಲ್ಲ ಉದುರಿದ್ದರೆ ಒಣ ಬೇರು ಕೊಳೆ. ಇವಕ್ಕೆ ನೀರು ಔಷಧಿಯಲ್ಲ. ಆದರೆ ಒಣ ಬೇರು ಕೊಳೆ ಹೆಚ್ಚುವುದು ಕಾಯಿ ಕಟ್ಟುವ ಕಾಲದಲ್ಲಿ ನೆಲ ಒಣಗಿ ಕಾದಾಗ, ಆದ್ದರಿಂದ ಗರಸಿನ ಹೊಲದ ಎರಡನೇ ನೀರು ಅದನ್ನೂ ಸ್ವಲ್ಪ ತಡೆಯುತ್ತದೆ.

ನಿಮ್ಮ ತಮ್ಮನ ತೊಗರಿಯ ಲೆಕ್ಕ ಬೇರೆ. ತೊಗರಿ ಐದಾರು ತಿಂಗಳ ಬೆಳೆ, ಬೇರು ಕಡಲೆಗಿಂತ ಆಳ, ಹೂ ವಾರಗಟ್ಟಲೆ ಬಿಡುತ್ತಲೇ ಇರುತ್ತದೆ. ಬಿಟ್ಟ ಹೂವಿನಲ್ಲಿ ಬಹುಪಾಲು ಒಳ್ಳೆಯ ವರ್ಷದಲ್ಲೂ ಉದುರುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ಮೊದಲ ಹೂವಿನ ಅಲೆ ಬರಕ್ಕೆ ಸಿಕ್ಕಿ ಹೋದರೂ ಹಸಿ ಸಿಕ್ಕಾಗ ಎರಡನೇ ಅಲೆ ಬರುತ್ತದೆ. ಆದ್ದರಿಂದ ಹೂವಿನ ಒಂದು ವಾರದ ಬರವನ್ನು ತೊಗರಿ ಕಡಲೆಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ಅದು ಸೋಲುವುದು ಕಾಯಿ ಕಟ್ಟಿ ಕಾಳು ತುಂಬುವ ನವೆಂಬರ್–ಡಿಸೆಂಬರಿನಲ್ಲಿ, ಮಳೆ ನಿಂತು ತಿಂಗಳಾದ ಮೇಲೆ. ಅವರಿಗೆ ಒಂದೇ ನೀರು ಸಿಗುವುದಾದರೆ ಹೂ ಅರ್ಧ ಕಾಯಿಗೆ ತಿರುಗಿದಾಗ ಕೊಡಲಿ. ಹೆಸರು, ಉದ್ದು ಇದಕ್ಕೆ ತದ್ವಿರುದ್ಧ. ಅರವತ್ತು ಎಪ್ಪತ್ತು ದಿನದ ಬೆಳೆಗೆ ಎರಡನೇ ಅಲೆಗೆ ಸಮಯವೇ ಇರುವುದಿಲ್ಲ, 35ರಿಂದ 50ನೇ ದಿನದ ನಡುವೆ ಹತ್ತು ದಿನ ಮಳೆ ಕೈಕೊಟ್ಟರೆ ಬೆಳೆಯೇ ಹೋಗುತ್ತದೆ.

ನಿಮ್ಮ ಕಡಲೆಯ ಕೊನೆಯ ನೀರಿನ ಬಗ್ಗೆ ಒಂದು ಮಾತು ಬಾಕಿ ಇದೆ. ಡಿಸೆಂಬರ್ ಕೊನೆಗೆ ಎಲ್ಲಿಂದಲಾದರೂ ತಂದು ಇನ್ನೊಂದು ನೀರು ಕೊಡೋಣ ಎಂದು ಅನಿಸುತ್ತದೆ. ಸುಲಗಾಯಿ ತಿನ್ನುವ ಹಂತದಲ್ಲಿ, ಅಂದರೆ ಕಾಳು ಹಸಿರಾಗಿ ಸಿಹಿಯಾಗಿರುವಾಗ, ಮಣ್ಣು ಹೆಂಟೆಯಾಗಿ ಒಡೆಯುತ್ತಿದ್ದರೆ ಹಗುರ ನೀರಿನಿಂದ ಕಾಳಿನ ತೂಕ ಉಳಿಯುತ್ತದೆ. ಕಾಯಿ ಬಿಡಿಸಿ ನೋಡಿ: ಕಾಳು ಸಿಪ್ಪೆಯ ಅರ್ಧಕ್ಕಿಂತ ಕಡಿಮೆ ತುಂಬಿದ್ದರೆ ಕೊಟ್ಟದ್ದು ಸಾರ್ಥಕ. ಕಾಳು ಸಿಪ್ಪೆ ತುಂಬಿ ಕೆಳಗಿನ ಎಲೆ ಹಳದಿಯಾಗಲು ಶುರುವಾದ ಮೇಲೆ ಕೊಟ್ಟರೆ ಗಿಡ ಮತ್ತೆ ಚಿಗುರುತ್ತದೆ, ಒಣಗಿದ ಕಾಯಿಯ ಜೊತೆ ಹಸಿಕಾಯಿ ಬೆರೆತು ರಾಶಿ ಹತ್ತು ದಿನ ಮುಂದೆ ಹೋಗುತ್ತದೆ. ಜೆಜಿ-11ರಲ್ಲಿ ಅದು ಸುಮಾರು 80ನೇ ದಿನ, ನಿಮ್ಮ ಹೊಲಕ್ಕೆ ಜನವರಿ 3ರ ಆಸುಪಾಸು. ಆ ದಿನ ದಾಟಿದ ಮೇಲೆ ನೀರು ಬೇಡ.